ಆ ಫೋಟೊ ಅಫಜಲಪುರದ್ದೇ? ನಕ್ಷತ್ರಗಳನ್ನೇ ಕೇಳಿ

ಭೀಮಾ ದಂಡೆಯಲ್ಲಿ ರಾತ್ರಿ ಮರಳು ತುಂಬುವ ಲಾರಿಗಳ ಫೋಟೊ, 'ಅಫಜಲಪುರದ್ದು' ಅಂತ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂತು ಅಂದುಕೊಳ್ಳಿ. ಹಿಂದೆ ಆಕಾಶದಲ್ಲಿ ನಕ್ಷತ್ರಗಳು ವೃತ್ತದ ಗೆರೆಗಳಾಗಿ ಮೂಡಿವೆ. ಫಾರ್ವರ್ಡ್ ಮಾಡೋ ಮುಂಚೆ ನಾನು ನೋಡೋದು ಲಾರಿಯನ್ನಲ್ಲ, ಆ ಗೆರೆಗಳನ್ನು.

ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟರೆ, ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಜಾರಿ ಗೆರೆ ಎಳೆಯುತ್ತವೆ. ನಮ್ಮ ಕಡೆ ಆ ವೃತ್ತಗಳ ನಡುವೆ ಧ್ರುವ ನಕ್ಷತ್ರದ ಪುಟ್ಟ, ಹೊಳೆಯುವ ಗೆರೆ ಇರುತ್ತದೆ. ದಕ್ಷಿಣಾರ್ಧಗೋಳದ ಫೋಟೊದಲ್ಲಿ ಆ ನಡುವಿನ ಜಾಗದಲ್ಲಿ ಇಷ್ಟು ಹೊಳೆಯುವ ನಕ್ಷತ್ರವೇ ಇಲ್ಲ. ಮೊದಲ ಪರೀಕ್ಷೆ ಇದು.

ಎರಡನೆಯದು ಎತ್ತರ. ವೃತ್ತದ ಕೇಂದ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಆ ಊರಿನ ಅಕ್ಷಾಂಶ. ಆಳಂದಕ್ಕೆ ಸುಮಾರು 17.6, ಅಫಜಲಪುರಕ್ಕೆ 17.2, ಜೇವರ್ಗಿಗೆ 17. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಅಂದರೆ ನಮ್ಮಲ್ಲಿ ಧ್ರುವ ಎರಡು ಮುಷ್ಟಿಗಿಂತ ತುಸು ಕೆಳಗೇ.

ಫೋಟೊದಲ್ಲಿ ಅಳತೆಗೋಲು ಬೇಕಲ್ಲ? ಸಪ್ತರ್ಷಿ ಮಂಡಲದಲ್ಲಿ ಧ್ರುವದತ್ತ ತೋರಿಸುವ ಕ್ರತು ಮತ್ತು ಪುಲಹ ನಕ್ಷತ್ರಗಳ ನಡುವೆ 5.4 ಡಿಗ್ರಿ ಅಂತರವಿದೆ. ಅವುಗಳ ಗೆರೆ ಶುರುವಾಗುವ ತುದಿಗಳ ನಡುವೆ 216 ಪಿಕ್ಸೆಲ್ ಇದ್ದರೆ, ಡಿಗ್ರಿಗೆ 40 ಪಿಕ್ಸೆಲ್. ಈಗ ದಿಗಂತದಿಂದ ಕೇಂದ್ರಕ್ಕೆ ಅಳೆದಾಗ 1,160 ಪಿಕ್ಸೆಲ್ ಬಂತು ಅಂತಿಟ್ಟುಕೊಳ್ಳಿ. 40ರಿಂದ ಭಾಗಿಸಿದರೆ 29 ಡಿಗ್ರಿ. ಅದು ದೆಹಲಿ ಆಸುಪಾಸಿನ ಅಕ್ಷಾಂಶ, ಭೀಮಾ ತೀರದ್ದಲ್ಲ. ಅಫಜಲಪುರದ್ದಾಗಿದ್ದರೆ ಸುಮಾರು 690 ಪಿಕ್ಸೆಲ್ ಬರಬೇಕಿತ್ತು.

ಆದರೆ 17 ಬಂತು ಅಂದ ಮಾತ್ರಕ್ಕೆ ಫೋಟೊ ಅಫಜಲಪುರದ್ದೇ ಅಂತ ಸಾಬೀತಾಗಲ್ಲ. ಅಗಲದ ಲೆನ್ಸ್ ಚಿತ್ರದ ಅಂಚನ್ನು ಹಿಗ್ಗಿಸುತ್ತದೆ. ತೊಗರಿ ಹೊಲದಾಚೆಯ ಗಿಡಮರಗಳು ನಿಜವಾದ ದಿಗಂತವನ್ನು ಮುಚ್ಚುತ್ತವೆ. ಹೀಗಾಗಿ ಒಂದೆರಡು ಡಿಗ್ರಿ ತಪ್ಪಬಹುದು, ಒಂದು ಡಿಗ್ರಿ ಅಂದರೆ ನೆಲದ ಮೇಲೆ 111 ಕಿ.ಮೀ. ಆಳಂದಕ್ಕೂ ಜೇವರ್ಗಿಗೂ ಇರುವ ವ್ಯತ್ಯಾಸ ಅರ್ಧ ಡಿಗ್ರಿಯಷ್ಟೇ, ಅದು ಈ ಲೆಕ್ಕಕ್ಕೆ ಸಿಗಲ್ಲ. ಪೂರ್ವ-ಪಶ್ಚಿಮವಂತೂ ಗೊತ್ತೇ ಆಗಲ್ಲ: ಹೈದರಾಬಾದೂ 17ರಲ್ಲೇ ಇದೆ.

ಚಂದ್ರನ ವಾಲಿಕೆ ಇನ್ನೂ ದುರ್ಬಲ ಸಾಕ್ಷಿ. ಸಂಜೆಯ ಬಿದಿಗೆ ಚಂದ್ರ ನಮ್ಮಲ್ಲಿ ಮಾರ್ಚ್ ಹೊತ್ತಿಗೆ ದೋಣಿಯಂತೆ ಮಲಗಿರುತ್ತಾನೆ, ಸೆಪ್ಟೆಂಬರ್‌ನಲ್ಲಿ ಓರೆಯಾಗಿ ನಿಲ್ಲುತ್ತಾನೆ. ತಿಂಗಳು ಗೊತ್ತಿಲ್ಲದೆ ಅವನಿಂದ ಅಕ್ಷಾಂಶ ಹೇಳೋಕಾಗಲ್ಲ.

ಅಂದರೆ ಈ ವಿಧಾನ ಸುಳ್ಳನ್ನು ತಳ್ಳಿಹಾಕಬಲ್ಲದು, ನಿಜವನ್ನು ಖಚಿತಪಡಿಸಲಾರದು. 29 ಬಂದರೆ ಆ ಫೋಟೊ ಇಟ್ಟುಕೊಂಡು ತಹಶೀಲ್ದಾರರನ್ನು ಪ್ರಶ್ನಿಸಬೇಡಿ. 17 ಬಂದರೆ, ಸೇತುವೆ, ಗುಡಿ, ನಂಬರ್ ಪ್ಲೇಟ್ ಹುಡುಕುವ ಕೆಲಸ ಅಲ್ಲಿಂದ ಶುರು.