ನೆಟ್ಟಗೆ ನಿಂತ ಮಣ್ಣನ್ನು ನಂಬಬೇಡಿ

ಒಳಚರಂಡಿಯ ನೀರು ಬಹುಪಾಲು ಇಳಿಜಾರಿನಲ್ಲೇ ಹರಿಯಬೇಕು. ರಸ್ತೆ ಮಟ್ಟಸವಾಗಿದ್ದರೂ ಪೈಪು ಇಳಿಯುತ್ತಲೇ ಹೋಗುತ್ತದೆ. 200 ಮೀಟರಿಗೆ 1 ಮೀಟರ್ ಇಳಿಕೆ ಎಂದಿಟ್ಟುಕೊಳ್ಳಿ. ಬೀದಿಯ ತಲೆಯಲ್ಲಿ 1.2 ಮೀಟರ್ ಆಳವಿದ್ದ ಟ್ರೆಂಚು 300 ಮೀಟರ್ ದಾಟುವಷ್ಟರಲ್ಲಿ 2.7 ಮೀಟರ್ ಆಗಿ, ಆಳು ಮುಳುಗುವಷ್ಟಾಗುತ್ತದೆ. ಆಳ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚುವುದರಿಂದ ಕೆಲಸದವರಿಗೆ ಅಪಾಯದ ಗೆರೆ ದಾಟಿದ್ದು ಗೊತ್ತೇ ಆಗುವುದಿಲ್ಲ. ಆ ಗೆರೆ 1.5 ಮೀಟರ್. ಅದಕ್ಕಿಂತ ಆಳವಾದರೆ ಗೋಡೆಗೆ ಆಧಾರ ಕೊಡಬೇಕೆಂದು ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ.

ಮಧುಗಿರಿ, ಸಿರಾ ಕಡೆಯ ಕೆಂಪು ಮಣ್ಣು ಜೆಸಿಬಿ ಅಗೆದ ಕೂಡಲೇ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಕಣಗಳ ನಡುವಿನ ತೇವ ಅದನ್ನು ಹಿಡಿದಿರುತ್ತದೆ, ಅಷ್ಟೆ. ಬಿಸಿಲಿಗೆ ಆರಿದರೂ ಮಳೆಗೆ ನೆಂದರೂ ಆ ಹಿಡಿತ ಸಡಿಲವಾಗುತ್ತದೆ. ಕೊರಟಗೆರೆಯಲ್ಲಿ ಜಯಮಂಗಲಿ ದಡದ ಮರಳು ಅಷ್ಟು ಹೊತ್ತೂ ನಿಲ್ಲದು. ಎರೆಮಣ್ಣು ಒಣಗಿದಾಗ ತಾನೇ ಬಿರಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪಕ್ಕದಲ್ಲೇ ಹಳೆಯ ನಲ್ಲಿ ಪೈಪು ಇರುವ ಬೀದಿ. ಅಲ್ಲಿ ಒಮ್ಮೆ ಅಗೆದು ತುಂಬಿದ ಮಣ್ಣು ಮತ್ತೆಂದೂ ಮೊದಲಿನಷ್ಟು ಗಟ್ಟಿಯಾಗಿರುವುದಿಲ್ಲ. ಪೈಪು ಸೋರುತ್ತಿದ್ದರೆ ಒಳಗೇ ನೆನೆದಿರುತ್ತದೆ.

ಬೀಳುವ ಮುನ್ನ ಅಂಚಿನ ಹಿಂದೆ, ಟ್ರೆಂಚಿಗೆ ಸಮಾನಾಂತರವಾಗಿ, ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಗೋಡೆಯಿಂದ ಸಣ್ಣ ಹೆಂಟೆಗಳು ಉದುರತೊಡಗುತ್ತವೆ. ಇವೆರಡರಲ್ಲಿ ಒಂದು ಕಂಡರೂ ಎಲ್ಲರೂ ಮೇಲೆ ಬರಬೇಕು. ಕಿರಿದಾದ ಬೀದಿಯಲ್ಲಿ ಅಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕುವುದು ರೂಢಿ. ಅದರ ಭಾರವೂ ಇದೇ ಗೋಡೆಯ ಮೇಲೆ ಬೀಳುತ್ತದೆ. ಜಾಗವಿಲ್ಲದಿದ್ದರೆ ಟ್ರ್ಯಾಕ್ಟರಿನಲ್ಲಿ ಹೊರಗೆ ಸಾಗಿಸಲೇಬೇಕು.

ಶೋರಿಂಗ್ ಎಂದರೆ ಎರಡೂ ಗೋಡೆಗೆ ಹಲಗೆ ಆನಿಸಿ, ನಡುವೆ ಅಡ್ಡಕ್ಕೆ ಜಾಕಿ ಬಿಗಿಯುವುದು. ಮೇಲಿನ ಜಾಕಿ ಮೊದಲು, ಕೆಳಗಿನದು ಆಮೇಲೆ. ಬಿಚ್ಚುವಾಗ ಇದರ ತಿರುವುಮುರುವು. ಪೈಪು ಜೋಡಿಸುವವನು ಬಗ್ಗಿ ಕೂತೇ ಕೆಲಸ ಮಾಡುವುದರಿಂದ ಓಡಲು ಅವನಿಗೆ ಸಮಯವಿರುವುದಿಲ್ಲ. 2.7 ಮೀಟರ್ ಎತ್ತರದ ಗೋಡೆಯಿಂದ 1 ಮೀಟರ್ ಉದ್ದ, ಅರ್ಧ ಮೀಟರ್ ದಪ್ಪದ ಒಂದು ಪದರ ಕಳಚಿದರೆ ಅದರ ತೂಕ ಎರಡು ಟನ್ನಿಗೂ ಹೆಚ್ಚು.

ಮಣ್ಣು ಕುಸಿದು ಹೂತಾಗ ತಲೆ ಹೊರಗಿದ್ದರೂ ಮನುಷ್ಯ ಸಾಯಬಹುದು. ಉಸಿರು ಬಿಟ್ಟಾಗ ಕುಗ್ಗಿದ ಎದೆಯ ಸುತ್ತ ಮಣ್ಣು ಕೂತುಬಿಡುತ್ತದೆ, ಮುಂದಿನ ಉಸಿರಿಗೆ ಎದೆ ಅರಳುವುದಿಲ್ಲ. ಆಗ ಜನ ಮಾಡುವ ತಪ್ಪು ಎರಡು: ಗಾಬರಿಯಲ್ಲಿ ಗುಂಡಿಗೆ ಹಾರುವುದು, ಜೆಸಿಬಿಯಿಂದ ಅಗೆಸುವುದು. ಮೊದಲನೆಯದರಿಂದ ಇನ್ನೊಂದು ಕುಸಿತಕ್ಕೆ ಹಾರಿದವನೂ ಸಿಕ್ಕಿಕೊಳ್ಳುತ್ತಾನೆ. ಎರಡನೆಯದರಲ್ಲಿ ಬಕೆಟ್ಟಿನ ಹಲ್ಲು ಹೂತುಹೋದವನಿಗೇ ತಾಗುತ್ತದೆ. ಮೊದಲು 112ಕ್ಕೆ ಕರೆ ಮಾಡಿ, ವಾಹನ ಮತ್ತು ಯಂತ್ರ ನಿಲ್ಲಿಸಿ, ಅಂಚಿನಿಂದ ಜನರನ್ನು ಸರಿಸಬೇಕು. ನಿಂತಿರುವ ಗೋಡೆಗೆ ಹಲಗೆ ಕೊಟ್ಟ ನಂತರವೇ ಇಳಿದು, ಸಲಿಕೆ, ಬಾಂಡ್ಲಿ, ಬರಿಗೈಯಿಂದ ತಲೆ, ಎದೆ, ಆಮೇಲೆ ಕಾಲು ಎಂಬ ಕ್ರಮದಲ್ಲಿ ಬಿಡಿಸಬೇಕು. ಹಗ್ಗ ಕಟ್ಟಿ ಎಳೆಯಲೇಬಾರದು. ಬಹಳ ಹೊತ್ತು ಅದುಮಿದ್ದ ಕಾಲು ಒಮ್ಮೆಲೇ ಸಡಿಲವಾದರೆ ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯ ನಿಲ್ಲಬಹುದು. ಆದ್ದರಿಂದ ವೈದ್ಯರು ಗುಂಡಿಯ ಬಳಿಯೇ ಇರಬೇಕು.

ನಿಮ್ಮ ಬೀದಿಯಲ್ಲಿ ಎದೆಮಟ್ಟಕ್ಕಿಂತ ಆಳದ ಟ್ರೆಂಚಿನೊಳಗೆ ಹಲಗೆಯಿಲ್ಲದೆ ಯಾರಾದರೂ ಕೂತು ಪೈಪು ಜೋಡಿಸುತ್ತಿದ್ದರೆ ಮೇಸ್ತ್ರಿಯನ್ನು ಕರೆದು ಕೆಲಸ ನಿಲ್ಲಿಸಿ, ಪುರಸಭೆಗೆ ತಿಳಿಸಿ.