ರಸೀದಿಯಲ್ಲಿ ಅಚ್ಚಾಗದ ಶುಲ್ಕ

ದುಬೈಯಿಂದ ಉಡುಪಿಗೋ ಭಟ್ಕಳಕ್ಕೋ ಹಣ ಕಳಿಸಿದವರು ಎಕ್ಸ್‌ಚೇಂಜ್ ಅಂಗಡಿಯಿಂದ ಹೊರಬೀಳುವ ಮೊದಲೇ ರಸೀದಿಯ ಫೋಟೊ ತೆಗೆದು ಮನೆಗೆ ವಾಟ್ಸಾಪ್ ಮಾಡುತ್ತಾರೆ. ಮನೆಯವರು ನೋಡುವುದು ರೂಪಾಯಿಯ ಮೊತ್ತವನ್ನು ಮಾತ್ರ. ಆದರೆ ಹಣ ಕಳಿಸಲು ನಿಜವಾಗಿ ಎಷ್ಟು ಖರ್ಚಾಯಿತು ಎಂದು ತಿಳಿಯಲು ಬೇಕಾದ ಸಂಖ್ಯೆಗಳೆಲ್ಲ ಆ ಚಿತ್ರದಲ್ಲೇ ಇರುತ್ತವೆ, ಒಂದನ್ನು ಬಿಟ್ಟು.

ಒಂದು ಮಾದರಿ ರಸೀದಿ ನೋಡೋಣ. LC Amount 2,000 ಎಂದರೆ ಕಳಿಸಿದ ದಿರ್ಹಮ್. FC Amount 45,200 ಎಂದರೆ ಮನೆಗೆ ತಲುಪಬೇಕಾದ ರೂಪಾಯಿ. Rate 22.60. Charges 22 ದಿರ್ಹಮ್, ಅದರ ಮೇಲೆ ಶೇಕಡಾ 5ರ VAT 1.10. ಕೈಯಿಂದ ಹೋದದ್ದು ಒಟ್ಟು 2,023.10. ಮೊದಲು 2,000ವನ್ನು 22.60ರಿಂದ ಗುಣಿಸಿ, 45,200 ಬಂದರೆ ಫೋಟೊದ ಅಂಕಿಗಳನ್ನು ಸರಿಯಾಗಿಯೇ ಓದಿದ್ದೀರಿ. ಮಸುಕಾದ ಚಿತ್ರದಲ್ಲಿ 22.60 ಕೆಲವೊಮ್ಮೆ 22.80ರಂತೆ ಕಾಣುತ್ತದೆ, ಅದು ಈ ಗುಣಾಕಾರದಲ್ಲಿ ಸಿಕ್ಕಿಬೀಳುತ್ತದೆ. ಒಟ್ಟು ಮೊತ್ತವನ್ನೇ ಗುಣಿಸಿ 'ಐನೂರು ರೂಪಾಯಿ ಕಮ್ಮಿ ಬಂದಿದೆಯಲ್ಲ' ಎಂದು ಮನೆಯಿಂದ ಫೋನ್ ಹೋಗುವುದೂ ಉಂಟು.

ರಸೀದಿಯಲ್ಲಿ ಇಲ್ಲದ್ದು ಆ ಹೊತ್ತಿನ ಮಾರುಕಟ್ಟೆ ದರ. ಯುಎಇ ವಿಷಯದಲ್ಲಿ ಇದನ್ನು ಕಂಡುಕೊಳ್ಳುವುದು ಸುಲಭ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದೇ ನಿಗದಿಯಾಗಿದೆ. ರಸೀದಿಯ ಮೇಲಿನ ದಿನ, ಗಂಟೆಗೆ ಡಾಲರ್ 84 ರೂಪಾಯಿ ಇತ್ತು ಎನ್ನಿ. 84ನ್ನು 3.6725ರಿಂದ ಭಾಗಿಸಿದರೆ ದಿರ್ಹಮಿಗೆ 22.87 ರೂಪಾಯಿ. ಅಂಗಡಿ ಕೊಟ್ಟದ್ದು 22.60. ವ್ಯತ್ಯಾಸ 27 ಪೈಸೆ, 2,000 ದಿರ್ಹಮಿಗೆ 540 ರೂಪಾಯಿ. ದಿರ್ಹಮಿನಲ್ಲಿ ಹೇಳುವುದಾದರೆ ಸುಮಾರು 23.60. ಎದ್ದು ಕಾಣುವ ಶುಲ್ಕ ತೆರಿಗೆ ಸೇರಿ 23.10, ದರದೊಳಗೆ ಕುಳಿತದ್ದು ಅದಕ್ಕಿಂತ ಒಂದು ಹಿಡಿ ಹೆಚ್ಚೇ! 'ಶುಲ್ಕವಿಲ್ಲ' ಎಂಬ ಬೋರ್ಡು ತೂಗುವ ಕಡೆ ವಸೂಲಿಯೆಲ್ಲ ಈ ದರದಲ್ಲೇ ನಡೆಯುತ್ತದೆ.

ವಾಟ್ಸಾಪಿನಲ್ಲಿ ಫೋಟೊ ಬಂದ ದಿನದ ದರ ಹಿಡಿದು ಲೆಕ್ಕ ಹಾಕಬೇಡಿ. ಡಾಲರ್ ಅಷ್ಟರಲ್ಲಿ ಹತ್ತಿಪ್ಪತ್ತು ಪೈಸೆ ಅತ್ತಿತ್ತ ಆಗಿದ್ದರೂ ಅಂಗಡಿಯವನ ಪಾಲು ತಪ್ಪಾಗಿ ಕಾಣುತ್ತದೆ. ಕೆಲವು ರಸೀದಿಗಳಲ್ಲಿ ದರವನ್ನು ತಿರುವಿ, ಒಂದು ರೂಪಾಯಿಗೆ 0.0442 ದಿರ್ಹಮ್ ಎಂದು ಅಚ್ಚು ಹಾಕಿರುತ್ತಾರೆ. ಆಗ ಗುಣಿಸದೆ ಭಾಗಿಸಬೇಕು. ದಶಾಂಶ ನಾಲ್ಕೇ ಸ್ಥಾನ ಇರುವುದರಿಂದ ಉತ್ತರದಲ್ಲಿ ಸುಮಾರು ಐವತ್ತು ರೂಪಾಯಿ ಏರುಪೇರಾದರೆ ಗಾಬರಿ ಬೇಡ.

ಇಷ್ಟೆಲ್ಲ ಆದ ಮೇಲೂ ಪಾಸ್‌ಬುಕ್ಕಿನಲ್ಲಿ 45,200ಕ್ಕಿಂತ ಕಡಿಮೆ ಜಮೆಯಾಗಿದ್ದರೆ ಆ ಕಡಿತ ದಾರಿಯ ನಡುವಿನ ಬ್ಯಾಂಕಿನದೋ ಇಲ್ಲಿನ ಬ್ಯಾಂಕಿನದೋ ಆಗಿರುತ್ತದೆ. ಅದು ದುಬೈ ರಸೀದಿಯಲ್ಲಿ ಸಿಗುವುದಿಲ್ಲ, ರಸೀದಿಯ ಉಲ್ಲೇಖ ಸಂಖ್ಯೆ ಹಿಡಿದುಕೊಂಡು ನಮ್ಮ ಶಾಖೆಯಲ್ಲೇ ವಿಚಾರಿಸಬೇಕು.