ಗ್ರಂಥಾಲಯ ಇಲ್ಲ ಅನ್ನುವುದು ಅಗತ್ಯವಲ್ಲ

ಹಳ್ಳಿಯ ಮಕ್ಕಳ ಓದಿಗಾಗಿ ದುಡಿಯುವ ಸಣ್ಣ ಟ್ರಸ್ಟ್‌ಗಳ ಅನುದಾನದ ಅರ್ಜಿಗಳನ್ನು ಓದಿ ತಿದ್ದುವ ಕೆಲಸ ನನಗೆ ಆಗಾಗ ಬರುತ್ತದೆ. ಬಜೆಟ್ಟು, ಟ್ರಸ್ಟ್ ಡೀಡು, 12ಎ, 80ಜಿ ಪ್ರಮಾಣಪತ್ರಗಳೆಲ್ಲ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಅರ್ಜಿ ಸೋಲುವುದು ಮೊದಲ ಎರಡು ಪುಟಗಳಲ್ಲಿ, ‘ಈ ಕೆಲಸ ಯಾಕೆ ಬೇಕು’ ಎಂದು ಹೇಳಬೇಕಾದ ಭಾಗದಲ್ಲಿ. ಇದನ್ನು ‘ನೀಡ್ ಸ್ಟೇಟ್‌ಮೆಂಟ್’ ಅನ್ನುತ್ತಾರೆ. ಅಗತ್ಯದ ವಿವರಣೆ ಅಂದುಕೊಳ್ಳೋಣ.

ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ 12 ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಬೇಕೆಂದಿರುವ ಒಂದು ಟ್ರಸ್ಟ್ ಇದೆ ಎಂದಿಟ್ಟುಕೊಳ್ಳಿ. ಟ್ರಸ್ಟೂ ಅದರ ಲೆಕ್ಕಗಳೂ ನಾನು ಕಲ್ಪಿಸಿಕೊಂಡವು, ಆದರೆ ಅದು ಮಾಡುವ ತಪ್ಪುಗಳನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದರ ಮೊದಲ ಕರಡು ಹೀಗೆ ಶುರುವಾಗುತ್ತದೆ: ‘ಶಿಕ್ಷಣವು ದೇಶದ ಬೆನ್ನೆಲುಬು. ನಮ್ಮ ಭಾಗ ಅತ್ಯಂತ ಹಿಂದುಳಿದಿದೆ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56 ಮಾತ್ರ. ಪೋಷಕರು ಅನಕ್ಷರಸ್ಥರಾಗಿದ್ದು ಮಕ್ಕಳ ಓದಿನ ಬಗ್ಗೆ ಕಾಳಜಿ ವಹಿಸುವುದಿಲ್ಲ. ಶಾಲೆಗಳಲ್ಲಿ ಗ್ರಂಥಾಲಯಗಳಿಲ್ಲ. ಆದ್ದರಿಂದ 12 ಗ್ರಂಥಾಲಯಗಳ ಅಗತ್ಯವಿದೆ.’

ಸಾಕ್ಷರತೆಯ ಅಂಕಿ ನಿಜವೇ. ಆದರೆ ಅದು ಏಳು ವರ್ಷ ದಾಟಿದ ಎಲ್ಲರನ್ನೂ, ಅಜ್ಜ ಅಜ್ಜಿಯರನ್ನೂ ಸೇರಿಸಿಕೊಂಡ ಇಡೀ ಜಿಲ್ಲೆಯ ಲೆಕ್ಕ. ಈ 12 ಶಾಲೆಗಳ ನಾಲ್ಕನೇ ತರಗತಿಯ ಹುಡುಗಿ ಓದಬಲ್ಲಳೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅರ್ಜಿ ಓದುವ ಕಂಪನಿಯ ಸಿಎಸ್‌ಆರ್ ಅಧಿಕಾರಿಯ ಮೇಜಿನ ಮೇಲೆ ಅದೇ ಅಂಕಿ ಹೊತ್ತ ಬೇರೆ ಅರ್ಜಿಗಳೂ ಇರುತ್ತವೆ. ಪೋಷಕರಿಗೆ ಕಾಳಜಿಯಿಲ್ಲ ಎಂಬ ವಾಕ್ಯವನ್ನಂತೂ ತೆಗೆದೇ ಬಿಡಬೇಕು. ಅದಕ್ಕೆ ಪುರಾವೆಯಿಲ್ಲ, ಯಾರ ಹೆಸರಿನಲ್ಲಿ ಹಣ ಕೇಳುತ್ತಿದ್ದೇವೋ ಅವರನ್ನೇ ಅದು ಹಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ದೋಷ ಕೊನೆಯ ಎರಡು ವಾಕ್ಯಗಳಲ್ಲಿದೆ. ಗ್ರಂಥಾಲಯ ಇಲ್ಲ, ಆದ್ದರಿಂದ ಗ್ರಂಥಾಲಯ ಬೇಕು ಎನ್ನುವಾಗ ನಾವು ಕೊಡಲು ಹೊರಟ ವಸ್ತುವಿನ ಗೈರುಹಾಜರಿಯನ್ನೇ ಸಮಸ್ಯೆ ಎಂದು ಕರೆದಂತಾಯಿತು. ಮಕ್ಕಳಿಗೆ ಏನಾಗಿದೆ ಎಂಬುದು ಬರಲೇ ಇಲ್ಲ. ಕರಡಿನಲ್ಲಿ ಈ ದೋಷ ಇದೆಯೇ ಎಂದು ಪತ್ತೆಹಚ್ಚುವುದು ಸುಲಭ. ‘ಗ್ರಂಥಾಲಯ’ ಎಂಬ ಪದವನ್ನು ಹೊಡೆದು ಹಾಕಿ ಉಳಿದದ್ದನ್ನು ಓದಿ. ಸಮಸ್ಯೆ ಇನ್ನೂ ಕಾಣುತ್ತಿದ್ದರೆ ಅದು ಅಗತ್ಯದ ವಿವರಣೆ. ಇಲ್ಲಿ ಹಾಗೆ ಓದಿದರೆ ಜನಗಣತಿಯ ಅಂಕಿ ಬಿಟ್ಟು ಏನೂ ಉಳಿಯುವುದಿಲ್ಲ.

ಹಾಗಾಗಿ ಕರಡನ್ನು ಪಕ್ಕಕ್ಕಿಟ್ಟು ಶಾಲೆಗಳಿಗೆ ಹೋಗಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯವರ ಒಪ್ಪಿಗೆ, ಮುಖ್ಯಶಿಕ್ಷಕರ ಸಹಕಾರ ಬೇಕಾಗುತ್ತದೆ. ‘ಅಸರ್’ ಸಮೀಕ್ಷೆಯಲ್ಲಿ ಬಳಸುವಂಥ ಸರಳ ಓದಿನ ಪರೀಕ್ಷೆ ಸಾಕು. ಒಂದು ಹಾಳೆಯಲ್ಲಿ ಬಿಡಿ ಅಕ್ಷರಗಳು, ಪದಗಳು, ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಇರುತ್ತವೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿ, ಯಾವ ಮಟ್ಟ ಸಲೀಸಾಗಿ ಬರುತ್ತದೋ ಅದನ್ನು ಬರೆದುಕೊಳ್ಳುವುದು. ಮಗುವಿಗೆ ಇದು ಕೆಲವೇ ನಿಮಿಷಗಳ ಕೆಲಸ.

ನಮ್ಮ ಉದಾಹರಣೆಯಲ್ಲಿ 4 ಮತ್ತು 5ನೇ ತರಗತಿಯ ದಾಖಲಾತಿ 312. ಪರೀಕ್ಷೆಗೆ ಸಿಕ್ಕವರು 286. ಅವರಲ್ಲಿ 171 ಮಕ್ಕಳಿಗೆ ಒಂದನೇ ತರಗತಿಯ ಪ್ಯಾರಾ ಓದಲು ಬರಲಿಲ್ಲ. ಅಂದರೆ ಹತ್ತರಲ್ಲಿ ಆರು ಮಕ್ಕಳು. ಈಗ ಗ್ರಂಥಾಲಯದ ಮಾತನ್ನು ಮತ್ತೆ ಎತ್ತಿ ನೋಡಿ. ಪದ ಕೂಡಿಸಿ ಓದಲು ಬಾರದ ಮಗು ಕಪಾಟಿನ ಪುಸ್ತಕ ತೆಗೆದುಕೊಂಡು ಏನು ಮಾಡೀತು? ಅಗತ್ಯವನ್ನು ಅಳೆಯಲು ಹೋದ ಟ್ರಸ್ಟ್ ತನ್ನ ಯೋಜನೆಯನ್ನೇ ಬದಲಿಸಬೇಕಾಗಿ ಬಂತು. ಹೀಗಾದರೆ ಬೇಸರಪಡಬಾರದು. ಹಣ ಬಂದು ಖರ್ಚಾದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದದ್ದು ಮಕ್ಕಳ ಪುಣ್ಯ.

ಮುಂದಿನ ಪ್ರಶ್ನೆ ಕಾರಣದ್ದು, ಇಲ್ಲಿಯೇ ಅವಸರ ಹೆಚ್ಚು. ಈ ಭಾಗದಲ್ಲಿ ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕೆ ಬೆಂಗಳೂರಿನಂಥ ಊರುಗಳಿಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಜರಿ ಪುಸ್ತಕ ತೆಗೆದು ನೋಡಿದಾಗ 171 ಮಕ್ಕಳಲ್ಲಿ 94 ಮಕ್ಕಳು ಹಿಂದಿನ ವರ್ಷ 40 ದಿನಕ್ಕೂ ಹೆಚ್ಚು ಶಾಲೆಗೆ ಬಂದಿರಲಿಲ್ಲ. ಟ್ರಸ್ಟಿನವರು ತಕ್ಷಣ ‘ಗುಳೆಯೇ ಕಾರಣ’ ಎಂದು ಬರೆಯುತ್ತಾರೆ. ಅಷ್ಟಕ್ಕೇ ನಿಲ್ಲಬಾರದು. ಓದಬಲ್ಲ 115 ಮಕ್ಕಳ ಹಾಜರಿಯನ್ನೂ ನೋಡಬೇಕು. ಅವರಲ್ಲೂ ಅರ್ಧದಷ್ಟು ಮಕ್ಕಳು ಅಷ್ಟೇ ದಿನ ತಪ್ಪಿಸಿಕೊಂಡಿದ್ದರೆ ಗುಳೆಗೂ ಓದಿಗೂ ಇರುವ ನಂಟು ಕಳಚಿಹೋಗುತ್ತದೆ. ನೋಡಿದಾಗ ಅಂಥವರು 21 ಮಕ್ಕಳು ಮಾತ್ರ ಎಂದುಕೊಳ್ಳಿ. ಈಗ ವಾದಕ್ಕೆ ಕಾಲು ಬಂತು.

ಆದರೂ ರಜೆಯಾದರೆ ಓದು ಯಾಕೆ ನಿಲ್ಲಬೇಕು? ಇದಕ್ಕೆ ತರಗತಿಯೊಳಗಿನ ಒಂದು ಸಂಗತಿ ಉತ್ತರ ಕೊಡುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿವರೆಗೆ ನಲಿ-ಕಲಿ ಪದ್ಧತಿಯಿದೆ. ಅದರ ಕಲಿಕಾ ಏಣಿಯಲ್ಲಿ ಮಗು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಇರುವುದಿಲ್ಲ, ಇಡೀ ತರಗತಿಗೆ ಒಂದೇ ಪಠ್ಯಪುಸ್ತಕ. ಏಣಿಯ ನಡುವೆಯೇ ಉಳಿದ ಮಗು ಅಲ್ಲಿಗೆ ಬಂದಾಗ ಹಿಂದಿನ ಮೆಟ್ಟಿಲು ಹತ್ತಿಸಲು ಪಾಠದ ವೇಳೆಯಲ್ಲಿ ಜಾಗವಿಲ್ಲ. ಶಿಕ್ಷಕರ ಮೇಲೂ ಪೋಷಕರ ಮೇಲೂ ಗೂಬೆ ಕೂರಿಸದೆ ಹೇಳಬಹುದಾದ ಕಾರಣ ಇದು. ಟ್ರಸ್ಟ್ ನಿಜಕ್ಕೂ ಕೈಹಾಕಬಹುದಾದ ಜಾಗವೂ ಇದೇ. ಗುಳೆಯನ್ನು ನಿಲ್ಲಿಸುವುದು 12 ಶಾಲೆಗಳ ಯೋಜನೆಯ ಕೈಮೀರಿದ ಮಾತು, ಹಿಂತಿರುಗಿದ ಮಗುವಿಗೆ ಬಿಟ್ಟ ಮೆಟ್ಟಿಲನ್ನು ಹತ್ತಿಸುವುದು ಸಾಧ್ಯ.

ಬಿಗಿ ಮಾಡಿದ ವಿವರಣೆ ಹೀಗಾಗುತ್ತದೆ: ‘ದೇವದುರ್ಗ ತಾಲ್ಲೂಕಿನ 12 ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಗಳ 286 ಮಕ್ಕಳನ್ನು ಜನವರಿಯಲ್ಲಿ ಒಬ್ಬೊಬ್ಬರನ್ನಾಗಿ ಓದಿಸಿ ನೋಡಿದೆವು. 171 ಮಕ್ಕಳಿಗೆ ಒಂದನೇ ತರಗತಿಯ ಪ್ಯಾರಾ ಓದಲು ಬರಲಿಲ್ಲ. ಇವರಲ್ಲಿ 94 ಮಕ್ಕಳು ಹಿಂದಿನ ವರ್ಷ 40 ದಿನಕ್ಕೂ ಹೆಚ್ಚು ಗೈರುಹಾಜರಾಗಿದ್ದರು. ಓದಬಲ್ಲ 115 ಮಕ್ಕಳಲ್ಲಿ ಹಾಗಿದ್ದವರು 21. ನಾಲ್ಕನೇ ತರಗತಿಯಿಂದ ಪಾಠ ಪಠ್ಯಪುಸ್ತಕದ ವೇಗದಲ್ಲಿ ಸಾಗುವುದರಿಂದ ಹಿಂದೆ ಬಿಟ್ಟುಹೋದ ಓದನ್ನು ಕಲಿಯಲು ಇವರಿಗೆ ಶಾಲಾ ವೇಳೆಯಲ್ಲಿ ಅವಕಾಶವಿಲ್ಲ. ಉಳಿದ 77 ಮಕ್ಕಳು ತಪ್ಪದೆ ಬಂದರೂ ಓದಲಾರರು. ಅವರ ಕಾರಣ ನಮಗಿನ್ನೂ ಸ್ಪಷ್ಟವಿಲ್ಲ, ಮೊದಲ ಮೂರು ತಿಂಗಳಲ್ಲಿ ಅದನ್ನು ಹುಡುಕುತ್ತೇವೆ.’

ಕೊನೆಯ ಎರಡು ವಾಕ್ಯ ಬೇಡವೆಂದು ಟ್ರಸ್ಟಿನವರು ಹಿಂಜರಿಯುತ್ತಾರೆ, ಗೊತ್ತಿಲ್ಲವೆಂದರೆ ಹಣ ಕೊಡುವುದಿಲ್ಲವೇನೋ ಎಂಬ ಅಳುಕು. ನಾನು ಅವನ್ನು ಉಳಿಸುತ್ತೇನೆ. 171ರಿಂದ 94 ಕಳೆಯುವುದು ಅರ್ಜಿ ಓದುವವರಿಗೂ ಬರುತ್ತದೆ. ಆ 77 ಮಕ್ಕಳ ಬಗ್ಗೆ ಅರ್ಜಿ ಮೌನವಾಗಿದ್ದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ. ಮನೆಮಾತು ಬೇರೆ ಇರುವ ತಾಂಡಾದ ಮಕ್ಕಳು ಅವರಲ್ಲಿ ಎಷ್ಟಿದ್ದಾರೆ ಎಂಬಲ್ಲಿಂದ ಹುಡುಕಾಟ ಶುರುಮಾಡಬಹುದು.

ಅರ್ಜಿ ಕಳಿಸುವ ಮುಂಚೆ ಈ ವಿವರಣೆಯನ್ನು ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿ ಸದಸ್ಯರಿಗೂ ಓದಿ ಹೇಳಬೇಕು. ನಮ್ಮ ಲೆಕ್ಕದಲ್ಲಿ ಬಿಟ್ಟುಹೋದದ್ದು ಅವರ ಕಣ್ಣಿಗೆ ಬೀಳುತ್ತದೆ. ಇಲ್ಲಿಯೂ ಒಂದು ಬಿಟ್ಟುಹೋಗಿದೆ. 312ರಲ್ಲಿ 286 ಮಕ್ಕಳನ್ನು ಓದಿಸಿದೆವು ಎಂದಮೇಲೆ ಉಳಿದ 26 ಮಕ್ಕಳು ಎಲ್ಲಿದ್ದರು? ಜನವರಿಯಲ್ಲಿ ಶಾಲೆಯಲ್ಲಿ ಇಲ್ಲದ ಮಗು ಗುಳೆ ಹೋಗಿರುವುದೇ ಹೆಚ್ಚು ಸಂಭವ. ಅಂದರೆ ಯಾರಿಗಾಗಿ ಈ ಯೋಜನೆಯೋ ಅವರಲ್ಲೇ ಕೆಲವರು ಪರೀಕ್ಷೆಯಿಂದ ಹೊರಗುಳಿದರು. ‘ಗೈರಾಗಿದ್ದ 26 ಮಕ್ಕಳನ್ನು ಅವರ ಕುಟುಂಬ ಊರಿಗೆ ಮರಳಿದ ಮೇಲೆ ಓದಿಸಿ ನೋಡುತ್ತೇವೆ’ ಎಂಬ ಒಂದು ಸಾಲನ್ನು ಸೇರಿಸಿ, ಮುಂಗಾರು ಬಿದ್ದು ಶಾಲೆ ತೆರೆದ ಮೇಲೆ ಅದೇ ಹಾಳೆ ಹಿಡಿದು ಅವರ ಮನೆಗಳಿಗೆ ಹೋಗಬೇಕು.